ಉದ್ರಿ ಏರಿಸುವ ಮುನ್ನ: ಇಂಗ್ಲಿಷ್ ವಾರ್ಷಿಕ ವರದಿಯ ಕ್ಯಾಶ್ ಫ್ಲೋ ಪುಟ ಓದುವ ಬಗೆ

ಸಾವಕಾರರೇ,

ನೀವು ಚೀಲ, ಸುಣ್ಣ, ಗಂಧಕ ಪೂರೈಸುವ ಸಕ್ಕರೆ ಕಂಪನಿಯವರು ಉದ್ರಿ ಮಿತಿಯನ್ನು 25 ಲಕ್ಷದಿಂದ 60 ಲಕ್ಷಕ್ಕೂ ವಾಯಿದೆಯನ್ನು 45 ದಿನದಿಂದ 90 ದಿನಕ್ಕೂ ಏರಿಸಲು ಕೇಳಿದ್ದಾರೆ. ಭರವಸೆಗೆಂದು 2024-25ರ ವಾರ್ಷಿಕ ವರದಿ ಕಳಿಸಿ, "62 ಕೋಟಿ ಲಾಭ ಐತಿ, ಮತ್ತೇನು ಬೇಕ್ರಿ" ಎಂದಿದ್ದಾರೆ. ಲಾಭದ ಅಂಕಿಯಲ್ಲಿ ಸುಳ್ಳಿಲ್ಲ. ಆದರೆ ನಿಮ್ಮ ಬಿಲ್ಲು ತೀರುವುದು ಲಾಭದಿಂದಲ್ಲ, ರೋಖದಿಂದ. ಆ ರೋಖ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಇರುವುದು ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್‌ನಲ್ಲಿ.

ಮೊದಲು ಪುಟ ಹುಡುಕಿ. ವರದಿಯ ಮುಂದಿನ ಬಣ್ಣದ ಪುಟಗಳನ್ನೆಲ್ಲ ಬಿಟ್ಟುಬಿಡಿ. ಪಿಡಿಎಫ್‌ನ ಹುಡುಕುವ ಜಾಗದಲ್ಲಿ ಹೀಗೆ ಟೈಪ್ ಮಾಡಿ:

```
operating activities
```

ಇದು ಕನಿಷ್ಠ ಎರಡು ಕಡೆ ಸಿಗುತ್ತದೆ: ಒಂದು ಸ್ಟ್ಯಾಂಡ್‌ಅಲೋನ್, ಇನ್ನೊಂದು ಕನ್ಸಾಲಿಡೇಟೆಡ್. ನಿಮ್ಮ ಬಿಲ್ಲು ಯಾವ ಕಂಪನಿಯ ಹೆಸರಿಗಿದೆಯೋ ಆ ಒಂದೇ ಕಂಪನಿಯ ಲೆಕ್ಕ ಸ್ಟ್ಯಾಂಡ್‌ಅಲೋನ್‌ನಲ್ಲಿರುತ್ತದೆ. ಕನ್ಸಾಲಿಡೇಟೆಡ್‌ನಲ್ಲಿ ಅದರ ಅಂಗಸಂಸ್ಥೆಗಳೂ ಸೇರಿರುತ್ತವೆ, ಅವುಗಳ ರೋಖದ ಮೇಲೆ ನಿಮಗೆ ಹಕ್ಕಿಲ್ಲ. ಆದ್ದರಿಂದ ಸ್ಟ್ಯಾಂಡ್‌ಅಲೋನ್ ಓದಿ. ಪುಟದ ಬಲಮೂಲೆಯಲ್ಲಿ ಅಂಕಿಗಳು ಲಕ್ಷದಲ್ಲಿವೆಯೋ, ಕೋಟಿಯಲ್ಲಿವೆಯೋ, ಮಿಲಿಯನ್‌ನಲ್ಲಿವೆಯೋ ಬರೆದಿರುತ್ತಾರೆ. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ, ಹತ್ತು ಮಿಲಿಯನ್ ಎಂದರೆ ಒಂದು ಕೋಟಿ. ಈ ವರದಿ ಕೋಟಿಯಲ್ಲಿದೆ.

ಇನ್ನು ಕಂಸ. ಈ ಪುಟದಲ್ಲಿ ಅಂಕಿಗೆ ಕಂಸ ಹಾಕಿದ್ದರೆ ಕಳೆಯಬೇಕು ಎಂದರ್ಥ. ಕಂಸ ಇಲ್ಲದಿದ್ದರೆ ಕೂಡಿಸಬೇಕು. ಸಾಲಿನ ಹೆಸರಿನಲ್ಲಿ ಇನ್‌ಕ್ರೀಸ್, ಡಿಕ್ರೀಸ್ ಎರಡೂ ಇದ್ದು ಯಾವುದೋ ಒಂದಕ್ಕೆ ಕಂಸ ಇರುತ್ತದೆ. ಇನ್ವೆಂಟರೀಸ್ ಸಾಲಿನಲ್ಲಿ ಕಂಸ ಇನ್‌ಕ್ರೀಸ್‌ಗೆ: ಮಾಲು ಹೆಚ್ಚಿದರೆ ರೋಖ ಹೋಯಿತು. ಟ್ರೇಡ್ ಪೇಯಬಲ್ಸ್ ಸಾಲಿನಲ್ಲಿ ಕಂಸ ಡಿಕ್ರೀಸ್‌ಗೆ: ಕೊಡಬೇಕಾದ ಬಾಕಿ ತೀರಿಸಿದರೆ ರೋಖ ಹೋಯಿತು. ಇದನ್ನು ತಿರುವುಮುರುವು ಓದಿದವರಿಗೆ ಇಡೀ ಪುಟ ಉಲ್ಟಾ ಕಾಣುತ್ತದೆ.

ಪುಟದಲ್ಲಿ ಮೂರು ಭಾಗ: ಆಪರೇಟಿಂಗ್, ಇನ್ವೆಸ್ಟಿಂಗ್, ಫೈನಾನ್ಸಿಂಗ್. ವ್ಯಾಪಾರ, ಆಸ್ತಿ, ಬಂಡವಾಳ-ಸಾಲ ಎಂದು ಅನ್ನಿ. ಕೊನೆಗೆ ಮೂರನ್ನೂ ಕೂಡಿ, ವರ್ಷದ ಆರಂಭದ ಶಿಲ್ಕಿಗೆ ಸೇರಿಸಿದರೆ ಅಖೈರು ಶಿಲ್ಕು ಬರುತ್ತದೆ. ನಿಮ್ಮ ಕೀರ್ದಿ ಮುಕ್ತಾಯ ಮಾಡುವ ಲೆಕ್ಕವೇ ಇದು. ಆದರೆ ಮೊದಲ ಭಾಗ ಮಾತ್ರ ಕೀರ್ದಿಯಂತೆ ಜಮಾ-ಖರ್ಚಿನಿಂದ ಆರಂಭವಾಗುವುದಿಲ್ಲ. ಲಿಸ್ಟೆಡ್ ಕಂಪನಿಗಳು ಇಂಡೈರೆಕ್ಟ್ ಮೆಥಡ್‌ನಲ್ಲೇ ಬರೆಯಬೇಕೆಂಬುದು ಸೆಬಿ ನಿಯಮ. ಅಂದರೆ ತೆರಿಗೆಗೆ ಮುಂಚಿನ ಲಾಭದಿಂದ ಹೊರಟು, ರೋಖವಲ್ಲದ್ದನ್ನೆಲ್ಲ ತೆಗೆದು ರೋಖಕ್ಕೆ ಬರುತ್ತಾರೆ. ಈ ಕಂಪನಿಯ ಆಪರೇಟಿಂಗ್ ಭಾಗ ಇಲ್ಲಿದೆ, ಕೋಟಿ ರೂಪಾಯಿಗಳಲ್ಲಿ:

ಪ್ರಾಫಿಟ್ ಬಿಫೋರ್ ಟ್ಯಾಕ್ಸ್: 62
ಡಿಪ್ರಿಸಿಯೇಶನ್: 38
ಫೈನಾನ್ಸ್ ಕಾಸ್ಟ್ಸ್: 54
ಇಂಟರೆಸ್ಟ್ ಇನ್‌ಕಮ್: (6)
ಆಸ್ತಿ ಮಾರಿದ ಲಾಭ: (9)
ಸಂಶಯಾಸ್ಪದ ಬಾಕಿಗೆ ಪ್ರಾವಿಜನ್: 3
ಆಪರೇಟಿಂಗ್ ಪ್ರಾಫಿಟ್ ಬಿಫೋರ್ ವರ್ಕಿಂಗ್ ಕ್ಯಾಪಿಟಲ್ ಚೇಂಜಸ್: 142
ಇನ್ವೆಂಟರೀಸ್: (118)
ಟ್ರೇಡ್ ರಿಸೀವಬಲ್ಸ್: (22)
ಇತರ ಆಸ್ತಿಗಳು: (7)
ಟ್ರೇಡ್ ಪೇಯಬಲ್ಸ್: 61
ಇತರ ಹೊಣೆಗಳು: 4
ಕ್ಯಾಶ್ ಜನರೇಟೆಡ್ ಫ್ರಮ್ ಆಪರೇಶನ್ಸ್: 60
ಇನ್‌ಕಮ್ ಟ್ಯಾಕ್ಸ್ ಪೇಡ್: (14)
ನೆಟ್ ಕ್ಯಾಶ್ ಫ್ರಮ್ ಆಪರೇಟಿಂಗ್ ಆಕ್ಟಿವಿಟೀಸ್: 46

142ರ ತನಕದ ಸಾಲುಗಳು ಬರೀ ಹೊಂದಾಣಿಕೆ. ಸವಕಳಿಯಲ್ಲಿ ಯಾರಿಗೂ ರೋಖ ಕೊಟ್ಟಿಲ್ಲ, ಅದಕ್ಕೆ ವಾಪಸ್ ಕೂಡಿಸಿದರು. ಆಸ್ತಿ ಮಾರಿದ 9 ಕೋಟಿ ಲಾಭ ವ್ಯಾಪಾರದ್ದಲ್ಲ, ಅದನ್ನು ಕಳೆದರು. ಮಾರಾಟದಿಂದ ಬಂದ ಪೂರ್ತಿ ಹಣ ಕೆಳಗೆ ಇನ್ವೆಸ್ಟಿಂಗ್‌ನಲ್ಲಿ ಕಾಣುತ್ತದೆ. ಅಂದರೆ ಅವರು ಹೇಳುವ 62 ಕೋಟಿಯಲ್ಲಿ 9 ಕೋಟಿ ಒಮ್ಮೆ ಮಾತ್ರ ಬರುವಂಥದ್ದು, ಮುಂದಿನ ವರ್ಷ ಇರುವುದಿಲ್ಲ.

54 ಕೋಟಿ ಬಡ್ಡಿ ಕೂಡಿಸಿದ್ದನ್ನು ನೋಡಿ ಬಡ್ಡಿ ಕೊಟ್ಟೇ ಇಲ್ಲ ಎಂದುಕೊಳ್ಳಬೇಡಿ. ಇಂಡ್ ಎಎಸ್ 7 ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ ಬ್ಯಾಂಕು, ಫೈನಾನ್ಸ್ ಕಂಪನಿ ಬಿಟ್ಟು ಉಳಿದವರು ಕೊಟ್ಟ ಬಡ್ಡಿಯನ್ನು ಫೈನಾನ್ಸಿಂಗ್ ಭಾಗದಲ್ಲಿ ತೋರಿಸಬೇಕು, ಅದಕ್ಕಾಗಿ ಇಲ್ಲಿಂದ ತೆಗೆದಿದ್ದಾರೆ. ಹಾಗಾಗಿ ಆಪರೇಟಿಂಗ್ ಮೊತ್ತ ಯಾವಾಗಲೂ ಬಡ್ಡಿಗೆ ಮುಂಚಿನದು. ಸಾಲ ಹೆಚ್ಚಿರುವ ಕಂಪನಿಯಲ್ಲಿ ಇದು ನೋಡಲು ಚೆನ್ನಾಗಿಯೇ ಇರುತ್ತದೆ. ಫೈನಾನ್ಸಿಂಗ್‌ನಲ್ಲಿ ಇವರು ಕೊಟ್ಟ ಬಡ್ಡಿ 56 ಕೋಟಿ. 46ರಲ್ಲಿ 56 ಕಳೆಯಿರಿ: 10 ಕೋಟಿ ಕಡಿಮೆ ಬಿತ್ತು. ವರ್ಷವಿಡೀ ವ್ಯಾಪಾರ ಮಾಡಿ ಬಂದ ರೋಖ ಬಡ್ಡಿಗೂ ಸಾಲಲಿಲ್ಲ.

ಇಷ್ಟು ನೋಡಿ ಪುಟ ಮುಚ್ಚಬೇಡಿ, ನಿಮ್ಮ ಸಾಲು ಇನ್ನೂ ಬಾಕಿ ಇದೆ. ಟ್ರೇಡ್ ಪೇಯಬಲ್ಸ್ 61 ಎಂದರೆ ಕಂಪನಿ ಮಾಲು ಕೊಟ್ಟವರಿಗೆ ಉಳಿಸಿಕೊಂಡ ಬಾಕಿ ಒಂದೇ ವರ್ಷದಲ್ಲಿ 61 ಕೋಟಿ ಏರಿತು. ಹಿಂದಿನ ವರ್ಷದ ಕಾಲಂನಲ್ಲಿ ಇದೇ ಸಾಲು 8, ಒಟ್ಟು ಆಪರೇಟಿಂಗ್ 97. ಈ ವರ್ಷ ಬಾಕಿ ಒಂದು ರೂಪಾಯಿಯೂ ಏರದಿದ್ದರೆ 46ರ ಜಾಗದಲ್ಲಿ ಮೈನಸ್ 15 ಇರುತ್ತಿತ್ತು. ಆಪರೇಟಿಂಗ್ ಪಾಸಿಟಿವ್ ಆಗಿ ಕಾಣುತ್ತಿರುವುದು ನಿಮ್ಮಂಥವರ ಹಣದಿಂದಲೇ. 90 ದಿನ ಕೇಳುತ್ತಿರುವುದರ ಕಾರಣವೂ ಇಲ್ಲೇ ಇದೆ.

"ಮಾರ್ಚ್ ತಿಂಗಳಲ್ಲಿ ಗೋದಾಮು ತುಂಬಿರ್ತಾವ, ಸಕ್ಕರೆ ಧಂಧೆ ಹಂಗೇ" ಎಂದು ಅವರು ಹೇಳಬಹುದು. ಅರ್ಧ ಮಾತ್ರ ಸರಿ. ಕಬ್ಬು ನುರಿಸುವ ಹಂಗಾಮು ಮುಗಿಯುವ ಹೊತ್ತಿಗೆ ಮಾಲು ಹೆಚ್ಚಿರುವುದು ಸಹಜ. ಆದರೆ 118 ಎಂಬುದು ಮಾಲಿನ ಮೊತ್ತವಲ್ಲ, ಹೋದ ಮಾರ್ಚ್ 31ಕ್ಕಿಂತ ಈ ಮಾರ್ಚ್ 31ಕ್ಕೆ ಎಷ್ಟು ಹೆಚ್ಚು ಎಂಬುದು. ಎರಡೂ ತುದಿ ಮಾರ್ಚೇ ಆದ್ದರಿಂದ ಹಂಗಾಮಿನ ನೆಪ ನಡೆಯುವುದಿಲ್ಲ. ಒಂದೋ ಹೆಚ್ಚು ನುರಿಸಿದ್ದಾರೆ, ಇಲ್ಲವೇ ಮಾರಾಟ ನಿಧಾನವಾಗಿದೆ. ಇನ್ವೆಂಟರೀಸ್ ನೋಟ್‌ನಲ್ಲಿ ಫಿನಿಶ್ಡ್ ಗೂಡ್ಸ್ ಎಷ್ಟು, ಸ್ಟೋರ್ಸ್ ಎಷ್ಟು ಎಂದು ಬೇರೆ ಬೇರೆ ಇರುತ್ತದೆ, ನೋಡಿ.

ಇನ್ವೆಸ್ಟಿಂಗ್ ಭಾಗ ಚಿಕ್ಕದು. ಯಂತ್ರ, ಕಟ್ಟಡಕ್ಕೆ (95), ಆಸ್ತಿ ಮಾರಿ ಬಂದದ್ದು 15, ಬಡ್ಡಿ ಬಂದದ್ದು 5, ಠೇವಣಿಗೆ ಇಟ್ಟದ್ದು (10). ನಿವ್ವಳ (85). ಇಲ್ಲಿ ಕಂಸ ಕಂಡರೆ ಗಾಬರಿ ಬೇಡ, ಬೆಳೆಯುವ ಕಂಪನಿ ಖರ್ಚು ಮಾಡಲೇಬೇಕು. ಆ 95 ಎಲ್ಲಿಂದ ಬಂತು ಎಂಬುದೊಂದೇ ಪ್ರಶ್ನೆ.

ಅದಕ್ಕೆ ಫೈನಾನ್ಸಿಂಗ್ ಉತ್ತರ ಕೊಡುತ್ತದೆ. ದೀರ್ಘಾವಧಿ ಸಾಲ ತಂದದ್ದು 80, ತೀರಿಸಿದ್ದು (48), ಅಲ್ಪಾವಧಿ ಸಾಲ ನಿವ್ವಳ 74, ಬಡ್ಡಿ (56), ಡಿವಿಡೆಂಡ್ (8), ಲೀಸ್ (2). ನಿವ್ವಳ 40. ದೀರ್ಘಾವಧಿ ಸಾಲ ನಿವ್ವಳ 32 ಮಾತ್ರ, ಆಸ್ತಿ ಮಾರಿದ 15 ಸೇರಿಸಿದರೂ 47. ಯಂತ್ರಕ್ಕೆ ಹಾಕಿದ್ದು 95. ಉಳಿದ 48 ಕೋಟಿ ಅಲ್ಪಾವಧಿ ಬ್ಯಾಂಕ್ ಸಾಲದಿಂದಲೋ ಪೂರೈಕೆದಾರರ ಬಾಕಿಯಿಂದಲೋ ಬಂದಿರಬೇಕು. ವರ್ಷದೊಳಗೆ ವಾಪಸ್ ಕೊಡಬೇಕಾದ ಹಣ ಹತ್ತು ವರ್ಷ ನಿಲ್ಲುವ ಯಂತ್ರದಲ್ಲಿ ಸಿಕ್ಕಿಕೊಂಡರೆ ಬಿಲ್ಲಿನ ದಿನ ಚೆಕ್ಕು ನಿಲ್ಲುತ್ತದೆ. ಇಂಥದ್ದು ನಡೆದಿದೆಯೋ ಇಲ್ಲವೋ ಎಂದು ಆಡಿಟರ್ ಬರೆಯಲೇಬೇಕು: ಆಡಿಟ್ ವರದಿಯ ಅನೆಕ್ಷರ್‌ನಲ್ಲಿ, ಆಡಿಟರ್ ಏನೇನು ಹೇಳಬೇಕೆಂಬ ಸರ್ಕಾರಿ ಆದೇಶವಾದ ಕಾರೋ 2020ರ ಕ್ಲಾಸ್ 9ರ ಡಿ ಭಾಗ. ಅದೇ ಕ್ಲಾಸಿನ ಎ ಭಾಗದಲ್ಲಿ ಬ್ಯಾಂಕ್ ಕಂತು ತಪ್ಪಿದ್ದರೆ ಅದೂ ಇರುತ್ತದೆ. ರೋಖದ ಬಿಗಿ ಇರುವ ಕಂಪನಿಯ ವರದಿಯಲ್ಲಿ ಚೇರ್ಮನ್ನರ ನಾಲ್ಕು ಪುಟಕ್ಕಿಂತ ಈ ನಾಲ್ಕು ಸಾಲು ಹೆಚ್ಚು ಹೇಳುತ್ತದೆ.

46, (85), 40 ಕೂಡಿದರೆ 1. ಆರಂಭದ ಶಿಲ್ಕು 11, ಅಖೈರು 12. ಈ 12 ಬ್ಯಾಲೆನ್ಸ್ ಶೀಟಿನ ಬ್ಯಾಂಕ್ ಮೊತ್ತಕ್ಕೆ ತಾಳೆಯಾಗದಿದ್ದರೆ ತಪ್ಪು ಎನ್ನಬೇಡಿ. ಮೂರು ತಿಂಗಳಿಗಿಂತ ಹೆಚ್ಚು ಅವಧಿಗೆ ಇಟ್ಟ ಠೇವಣಿ, ಯಾರೂ ಪಡೆಯದ ಡಿವಿಡೆಂಡಿನ ಖಾತೆ ಇವೆಲ್ಲ ಸಾಮಾನ್ಯವಾಗಿ ಕ್ಯಾಶ್ ಈಕ್ವಿವಲೆಂಟ್, ಅಂದರೆ ರೋಖಕ್ಕೆ ಸಮ, ಆಗುವುದಿಲ್ಲ. ಕೆಲವರು ಓವರ್‌ಡ್ರಾಫ್ಟನ್ನೂ ಇದರಲ್ಲಿ ಕಳೆದಿರುತ್ತಾರೆ. ಪುಟದ ಬುಡದಲ್ಲೇ ಹೊಂದಾಣಿಕೆ ಇರುತ್ತದೆ.

ಇನ್ನು ಟ್ರೇಡ್ ಪೇಯಬಲ್ಸ್ ನೋಟ್ ತೆಗೆಯಿರಿ. ಬಾಕಿಯನ್ನು ಎಂಎಸ್‌ಎಂಇ, ಇತರರು ಎಂದು ಒಡೆದು, ಒಂದು ವರ್ಷದೊಳಗಿನದು, 1-2 ವರ್ಷ, 2-3 ವರ್ಷ, ಅದಕ್ಕೂ ಮೇಲೆ ಎಂದು ಏಜಿಂಗ್ ಕೊಟ್ಟಿರುತ್ತಾರೆ. ನೀವು ಉದ್ಯಮ್ ನೋಂದಣಿ ಮಾಡಿಸಿದ್ದೀರಿ, ಆದರೆ ವ್ಯಾಪಾರಿಗಳಿಗೆ ಆ ನೋಂದಣಿಯ ಲಾಭ ಬ್ಯಾಂಕಿನ ಆದ್ಯತಾ ಸಾಲಕ್ಕಷ್ಟೇ. 45 ದಿನದೊಳಗೆ ಕೊಡಬೇಕೆಂಬ ರಕ್ಷಣೆ ತಯಾರಕರಿಗೆ, ಸೇವೆ ಕೊಡುವವರಿಗೆ ಮಾತ್ರ. ನಿಮ್ಮನ್ನು ಇತರರ ಸಾಲಿನಲ್ಲೇ ಹುಡುಕಿ. ಅದೇ ನೋಟ್‌ನಲ್ಲಿ ಕಬ್ಬಿನ ಬಾಕಿಯೂ ಸೇರಿರಬಹುದು. ಕಬ್ಬು ನಿಯಂತ್ರಣ ಆದೇಶದಂತೆ ರೈತರಿಗೆ 14 ದಿನದಲ್ಲಿ ಕೊಡಬೇಕು, ತಪ್ಪಿದರೆ ಶೇ. 15 ಬಡ್ಡಿ, ಜೊತೆಗೆ ಸರ್ಕಾರದ ಒತ್ತಡ. ರೋಖ ಬಂದಾಗ ಮೊದಲು ಅತ್ತ ಹೋಗುತ್ತದೆ, ಚೀಲದ ಬಿಲ್ಲು ಹಿಂದೆ ಬೀಳುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಮಿತಿ 25 ಲಕ್ಷ, ವಾಯಿದೆ 45 ದಿನ ಹಾಗೇ ಇರಲಿ. ಅದಕ್ಕೆ ಮೇಲ್ಪಟ್ಟ ಮಾಲಿಗೆ ಮುಂಗಡ ಅಥವಾ ಬ್ಯಾಂಕಿನ ಎಲ್‌ಸಿ ಕೇಳಿ. ಎಲ್‌ಸಿಗೆ ಒಪ್ಪದಿದ್ದರೆ ಬ್ಯಾಂಕ್ ಮಿತಿ ತುಂಬಿರುವ ಸಾಧ್ಯತೆಯೂ ಇದೆ ಎಂದು ತಿಳಿಯಿರಿ.

ಸೆಪ್ಟೆಂಬರ್ 30ರ ಫಲಿತಾಂಶ ನವೆಂಬರ್ 14ರೊಳಗೆ ಬರಬೇಕು, ಅರ್ಧ ವರ್ಷದ ಕ್ಯಾಶ್ ಫ್ಲೋ ಅದರಲ್ಲೇ ಇರುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ಗೆ ಗೋದಾಮು ಖಾಲಿಯಾಗುವ ಕಾಲ, ಆಪರೇಟಿಂಗ್ ಮೊತ್ತ ದೊಡ್ಡದಾಗಿಯೇ ಕಾಣುತ್ತದೆ, ಅದಕ್ಕೆ ಮಾರುಹೋಗಬೇಡಿ. ಆ ಪುಟದಲ್ಲಿ ಟ್ರೇಡ್ ಪೇಯಬಲ್ಸ್ ಸಾಲಿಗೆ ಕಂಸ ಬಿದ್ದಿದೆಯೇ, ಬಿದ್ದರೆ 61ರಲ್ಲಿ ಎಷ್ಟು ತೀರಿದೆ ಎಂದು ನೋಡಿ. ಅಲ್ಪಾವಧಿ ಸಾಲದ ಸಾಲಿಗೂ ಕಂಸ ಬಿದ್ದಿರಬೇಕು. ಎರಡೂ 40 ಕೋಟಿಗೂ ಮೇಲೆ ಇಳಿದಿದ್ದರೆ ಹೊಸ ಹಂಗಾಮಿಗೆ 40 ಲಕ್ಷದವರೆಗೆ ಮಾತಾಡೋಣ.