ಕಿಂಗ್ ಅವರ ‘ಡ್ರಮ್ ಮೇಜರ್’ ಪ್ರಸಂಗ: ಒಂದು ಬಯಕೆಯ ದಿಕ್ಕು ತಿರುಗಿಸುವ ಮಾತು
ಮಾಧ್ಯಮ ಮತ್ತು ಧರ್ಮ ಕೋರ್ಸ್: ಸಂಕಥನ ವಿಶ್ಲೇಷಣೆ

1968ರ ಫೆಬ್ರವರಿ 4, ಭಾನುವಾರ. ಅಟ್ಲಾಂಟಾದ ಎಬೆನೀಜರ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ, ಅಮೆರಿಕದ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಒಂದು ಪ್ರಸಂಗ, ಅಂದರೆ ಧರ್ಮಬೋಧೆ, ಮಾಡಿದರು. ಎರಡು ತಿಂಗಳಿಗೆ ಸರಿಯಾಗಿ ಅವರ ಕೊಲೆಯಾಯಿತು. ಈ ಬರಹಕ್ಕಾಗಿ ನಾನು ಅದರ ಧ್ವನಿಮುದ್ರಣವನ್ನು ಮೂರು ಸಲ ಕೇಳಿ, ಬರಹ ರೂಪವನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ನನ್ನ ಪ್ರಶ್ನೆ ಒಂದೇ: ಕೇಳುಗರನ್ನು ತಪ್ಪಿತಸ್ಥರನ್ನಾಗಿ ಮಾಡಿಯೂ ಅವರನ್ನು ದೂರ ತಳ್ಳದೆ ಇರಲು ಈ ಮಾತಿಗೆ ಹೇಗೆ ಸಾಧ್ಯವಾಯಿತು?

ಆಧಾರ ವಾಕ್ಯ ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದ್ದು. ಯಾಕೋಬ, ಯೋಹಾನ ಇಬ್ಬರೂ ಯೇಸುವಿನ ಎಡಬಲದಲ್ಲಿ ಕೂರಲು ಜಾಗ ಕೇಳುತ್ತಾರೆ. ಎಂಥ ಸ್ವಾರ್ಥಿಗಳು ಅಂತ ನಮಗೆ ಅನಿಸುತ್ತದೆ, ಅಲ್ವಾ? ಕಿಂಗ್ ಅಲ್ಲೇ ತಡೆಯುತ್ತಾರೆ. ಅವರನ್ನು ಬೈಯುವ ಮೊದಲು ನಮ್ಮನ್ನು ನಾವು ನೋಡಿಕೊಳ್ಳೋಣ ಅನ್ನುತ್ತಾರೆ. ‘ನೀವು’ ಅಲ್ಲ, ‘ನಾವು’. ಮಗುವಿನ ಮೊದಲ ಅಳುವೇ ಎಲ್ಲರೂ ತನ್ನನ್ನು ನೋಡಲಿ ಅಂತ ಅಂದಮೇಲೆ, ಯಾರೂ ಹೊರಗೆ ಉಳಿಯುವುದಿಲ್ಲ. ಮೆರವಣಿಗೆಯ ಮುಂದೆ ಕೋಲು ಹಿಡಿದು ಬ್ಯಾಂಡನ್ನು ನಡೆಸುವವನೇ ಡ್ರಮ್ ಮೇಜರ್. ಹಾಗೆ ಎಲ್ಲರ ಮುಂದೆ ಇರಬೇಕೆಂಬ ಆಸೆಯಾಗಿ ಎಲ್ಲರೊಳಗೂ ಅವನಿದ್ದಾನೆ.

ಮುಂದಿನ ಭಾಗ ಮೆಟ್ಟಿಲು ಹತ್ತಿದಂತೆ ಸಾಗುತ್ತದೆ. ಮೊದಲು ಜಾಹೀರಾತಿಗೆ ಮರುಳಾಗುವುದು, ಕೈಗೆ ಮೀರಿದ ಕಾರು ಕೊಳ್ಳುವುದು: ನಗುತ್ತಾ ಒಪ್ಪಿಕೊಳ್ಳಬಹುದಾದ ಸಣ್ಣ ತಪ್ಪುಗಳು. ಆಮೇಲೆ ದೊಡ್ಡ ಮಂದಿ ಬರುತ್ತಾರೆ ಅಂತ ಬೀಗುವ ಚರ್ಚುಗಳು. ಆಮೇಲೆ ಜನಾಂಗ ದ್ವೇಷ, ಕೊನೆಗೆ ವಿಯೆಟ್ನಾಂ ಯುದ್ಧ. ಕಾರಿನ ಮಾತಿಗೆ ಹೌದು ಅಂದವರು ಯುದ್ಧದ ಮಾತಿಗೆ ಅಷ್ಟು ಸುಲಭವಾಗಿ ಇಲ್ಲ ಅನ್ನಲಾರರು. ಎರಡಕ್ಕೂ ಬೇರು ಒಂದೇ ಅಂತ ಅವರು ಆಗಲೇ ಒಪ್ಪಿಕೊಂಡಾಗಿದೆ.

ನನಗೆ ತುಂಬಾ ಹಿಡಿಸಿದ್ದು ಬರ್ಮಿಂಗ್‌ಹ್ಯಾಮ್ ಜೈಲಿನ ಕಥೆ. ಬಿಳಿಯ ಕಾವಲುಗಾರರು ಕಿಂಗ್ ಜೊತೆ ವಾದಕ್ಕೆ ಬರುತ್ತಾರೆ. ಮಾತಿನ ಮಧ್ಯೆ ತಮ್ಮ ಸಂಬಳ ಎಷ್ಟು ಅಂತ ಹೇಳುತ್ತಾರೆ. ಇಷ್ಟು ಕಡಿಮೆ ಸಂಬಳವಾದರೆ ನೀವೂ ನಮ್ಮ ಜೊತೆ ಮೆರವಣಿಗೆಗೆ ಬರಬೇಕಾದವರು ಅನ್ನುತ್ತಾರೆ ಕಿಂಗ್. ಇಲ್ಲಿ ಎದುರಾಳಿ ರಾಕ್ಷಸನಾಗುವುದಿಲ್ಲ. ತನ್ನ ಬಡತನವನ್ನೇ ಕಾಣದಂತೆ ಮೋಸ ಹೋದ ಮನುಷ್ಯನಾಗುತ್ತಾನೆ. ದೊಡ್ಡ ವಾದವೊಂದು ನಾಲ್ಕು ಜನರ ಹರಟೆಯ ರೂಪದಲ್ಲಿ ಬರುತ್ತದೆ. ಸುಮ್ನೆ ಅಂಕಿಅಂಶ ಕೊಟ್ಟಿದ್ದರೆ ಈ ಕನಿಕರ ಹುಟ್ಟುತ್ತಿರಲಿಲ್ಲ.

ತಿರುವು ಬರುವುದು ಇದಾದ ಮೇಲೆ. ಮೊದಲಿಗನಾಗುವ ಆಸೆಯನ್ನು ಬಿಟ್ಟುಬಿಡಿ ಅಂತ ಕಿಂಗ್ ಹೇಳುವುದಿಲ್ಲ. ಆಸೆ ಇರಲಿ, ಆದರೆ ಪ್ರೀತಿಯಲ್ಲಿ ಮೊದಲಿಗರಾಗಿ, ಔದಾರ್ಯದಲ್ಲಿ ಮೊದಲಿಗರಾಗಿ ಅನ್ನುತ್ತಾರೆ. ಪದ ಹಳೆಯದೇ, ಅರ್ಥ ಮಾತ್ರ ಹೊಸದು. ಆಮೇಲೆ ‘ಬೇಕಿಲ್ಲ’ಗಳ ಸಾಲು: ಸೇವೆ ಮಾಡಲು ಕಾಲೇಜು ಪದವಿ ಬೇಕಿಲ್ಲ, ವ್ಯಾಕರಣ ಸರಿಯಿರಬೇಕಿಲ್ಲ, ಪ್ಲೇಟೋ ಗೊತ್ತಿರಬೇಕಿಲ್ಲ. ಒಂದೊಂದು ‘ಬೇಕಿಲ್ಲ’ವೂ ದೊಡ್ಡತನದ ಒಂದೊಂದು ಬೀಗ ತೆಗೆಯುತ್ತದೆ. ಸಭೆಯವರು ನಡುನಡುವೆ ‘ಆಮೆನ್’, ‘ಹೌದು’ ಅನ್ನುತ್ತಲೇ ಇರುತ್ತಾರೆ. ಕಪ್ಪು ಜನರ ಚರ್ಚುಗಳಲ್ಲಿ ಪ್ರಸಂಗ ಒಬ್ಬರದೇ ಭಾಷಣವಲ್ಲ. ಕೇಳುಗರ ಉತ್ತರವೂ ಅದರ ಭಾಗ. ಅದನ್ನು ಬಿಟ್ಟು ಬರೀ ಪಠ್ಯ ಓದುವ ವಿಶ್ಲೇಷಣೆ ಅರ್ಧದ್ದೇ.

ಕೊನೆಯಲ್ಲಿ ಕಿಂಗ್ ತಮ್ಮ ಸಾವಿನ ಬಗ್ಗೆ ಮಾತಾಡುತ್ತಾರೆ. ಅಂತ್ಯಕ್ರಿಯೆ ಉದ್ದವಾಗುವುದು ಬೇಡ, ನೊಬೆಲ್ ಬಹುಮಾನದ ಮಾತು ಬೇಡ. ಹಸಿದವರಿಗೆ ಉಣಿಸಲು ‘ಪ್ರಯತ್ನಿಸಿದ’, ಯಾರನ್ನಾದರೂ ಪ್ರೀತಿಸಲು ‘ಪ್ರಯತ್ನಿಸಿದ’ ಅಂತ ಹೇಳಿ ಸಾಕು. ಹಾಗೂ ಡ್ರಮ್ ಮೇಜರ್ ಅಂತ ಹೇಳಬೇಕೆಂದರೆ, ನ್ಯಾಯಕ್ಕಾಗಿ ಡ್ರಮ್ ಮೇಜರ್ ಅನ್ನಿ. ಆ ‘ಹೇಳಬೇಕೆಂದರೆ’ಯನ್ನು ಗಮನಿಸಿ. ಅರ್ಧ ಗಂಟೆಗೂ ಮೀರಿ ದೋಷವೆಂದು ತೋರಿಸಿದ ಬಯಕೆ ತನ್ನಲ್ಲೂ ಇದೆ ಅಂತ ಒಪ್ಪಿಕೊಂಡು, ಅದಕ್ಕೆ ಕಡಿವಾಣ ಹಾಕುವ ಮಾತು ಅದು. ಪ್ರಸಂಗದ ‘ನಾವು’ ಇಲ್ಲಿ ‘ನಾನು’ ಆಗುತ್ತದೆ.

ಇಲ್ಲಿಂದ ಮಾಧ್ಯಮದ ಕೆಲಸ ಶುರು. ಏಪ್ರಿಲ್ 9ರಂದು ಅದೇ ಚರ್ಚಿನಲ್ಲಿ, ಅವರ ಅಂತ್ಯಕ್ರಿಯೆಯಲ್ಲಿ, ಈ ಟೇಪನ್ನೇ ಹಾಕಿದರು. ಸತ್ತವರ ಬಗ್ಗೆ ಹೇಳಬೇಕಾದ ಮಾತನ್ನು ಸತ್ತವರೇ ಹೇಳಿದಂತಾಯಿತು. ಫೆಬ್ರವರಿಯಲ್ಲಿ ಒಂದು ಸಭೆಗೆ ಕೊಟ್ಟ ಬುದ್ಧಿಮಾತು ಟಿವಿ ನೋಡುವ ದೇಶಕ್ಕೆ ಭವಿಷ್ಯವಾಣಿಯಾಗಿ ಕೇಳಿಸಿತು. ಪಠ್ಯ ಬದಲಾಗಲಿಲ್ಲ, ಸಂದರ್ಭ ಬದಲಾಯಿತು.

2011ರಲ್ಲಿ ಪಠ್ಯವೇ ಬದಲಾಯಿತು. ವಾಷಿಂಗ್ಟನ್‌ನ ಕಿಂಗ್ ಸ್ಮಾರಕದ ಕಲ್ಲಿನ ಮೇಲೆ ‘ನಾನು ನ್ಯಾಯ, ಶಾಂತಿ ಮತ್ತು ನೀತಿಯ ಡ್ರಮ್ ಮೇಜರ್ ಆಗಿದ್ದೆ’ ಎಂಬರ್ಥದ ಸಾಲು ಕೊರೆಸಿದರು. ‘ಹೇಳಬೇಕೆಂದರೆ’ ಹೋಗಿಬಿಟ್ಟಿತ್ತು. ಯಾವ ಜಂಬದ ವಿರುದ್ಧ ಪ್ರಸಂಗ ಮಾಡಿದ್ದರೋ ಅದೇ ಜಂಬ ಅವರ ಬಾಯಲ್ಲಿ ಬಂದಂತಾಯಿತು. ಕವಯಿತ್ರಿ ಮಾಯಾ ಏಂಜೆಲೋ ಇದನ್ನೇ ಎತ್ತಿ ಆಕ್ಷೇಪಿಸಿದರು. ಅವರು ಹೇಳಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಜಾಗ ಸಾಲದೆ ಮಾಡಿದ ಕತ್ತರಿ ಪ್ರಯೋಗ ಅಂದುಕೊಂಡರೂ, ತೆಗೆದುಹಾಕಿದ್ದು ಇಡೀ ಪ್ರಸಂಗ ನಿಂತಿದ್ದ ಪದವನ್ನೇ. 2013ರಲ್ಲಿ ಕಲ್ಲಿನ ಮೇಲೆ ಗೀರುಗಳನ್ನು ಕೊರೆದು ಆ ಸಾಲನ್ನು ಅಳಿಸಿದರು.