ಈ ಸಲ ರೊಟ್ಟಿ ಬಿಡಬೇಡ

ಕಲಬುರಗಿ
ನವೆಂಬರ್ ಕೊನೆಯ ಭಾನುವಾರ, ರಾತ್ರಿ

ಏನಪ್ಪಾ,

ಇವತ್ತು ತೂಕ 99 ಕೆಜಿ. ಡಯಟ್ ಹಿಡಿದಾಗ 96 ಇತ್ತು, ಬಿಟ್ಟಾಗ 82. ಅಸಲು ವಾಪಸ್ ಬಂತು, ಮೇಲೆ ಮೂರು ಕೆಜಿ ಬಡ್ಡಿಯೂ ಬಂತು. ದಾಲ್ ಮಿಲ್ಲಿನ ಲೆಕ್ಕ ಬರೆಯುವವನಿಗೆ ಇದು ಅರ್ಥವಾಗದೆ ಇರುತ್ತಾ?

ಬಯ್ಯಲು ಬರೆಯುತ್ತಿಲ್ಲ. ಆ ಕೆಲಸಕ್ಕೆ ಬೀಗರು ಇದ್ದಾರೆ. "ಇಳದಿದ್ದೆಲ್ಲೋ ಮಾರಾಯ, ಮತ್ತ ಉಬ್ಬಿದಿ" ಅಂತ ಮೊನ್ನೆ ಮದುವೆಯಲ್ಲಿ ಎಲ್ಲರ ಮುಂದೆ ಕೇಳಿದರಲ್ಲ. ಆಗ ಮನಸ್ಸು ಗಟ್ಟಿ ಇಲ್ಲ ಅಂತ ನಿನ್ನನ್ನೇ ಅಂದುಕೊಂಡೆ. ಅದು ಸರಿಯಲ್ಲ. ಬೆಳಗ್ಗೆ ಪುಡಿ ಕಲಸಿದ ನೀರು, ಮಧ್ಯಾಹ್ನ ಸವತೆಕಾಯಿ, ರಾತ್ರಿ ಮತ್ತೆ ಪುಡಿ. ಅದನ್ನು ಎರಡೂವರೆ ತಿಂಗಳು ತಡೆದುಕೊಂಡವನ ಮನಸ್ಸು ಸಾಕಷ್ಟು ಗಟ್ಟಿಯೇ ಇದೆ. ಆ ಊಟ ಜನ್ಮಪೂರ್ತಿ ಉಣ್ಣುವಂಥದ್ದು ಆಗಿರಲಿಲ್ಲ, ಅಷ್ಟೇ.

ಮೊದಲ ವಾರ ಸರಸರ ಇಳಿದದ್ದು ಬಹಳಷ್ಟು ನೀರು. ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಅಂಶ ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದುಕೊಂಡಿರುತ್ತದೆ. ಅದು ಖಾಲಿಯಾದರೆ ನೀರೂ ಹೋಗುತ್ತದೆ. ಆಮೇಲೆ ಕೊಬ್ಬಿನ ಜೊತೆ ಸ್ನಾಯುವೂ ಕರಗಿತು. ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತಿತ್ತು, ನೆನಪಿದೆಯಾ? ಬಾಚಣಿಗೆ ತುಂಬ ಕೂದಲು ಬಂತಲ್ಲ, ಅದೂ ಆ ಡಯಟ್‌ನದ್ದೇ ಫಲ. ಇಷ್ಟರಲ್ಲಿ ದೇಹ ಖರ್ಚು ಕಡಿಮೆ ಮಾಡಿಕೊಂಡಿತ್ತು, ಹಸಿವು ಜಾಸ್ತಿ ಮಾಡಿತ್ತು. ಹಳೆ ಊಟಕ್ಕೆ ಮರಳಿದಾಗ ಇನ್ನೇನಾಗಬೇಕು?

ಈ ಸಲ ಊಟ ನಮ್ಮ ಮನೆಯದೇ. ದಿನವಿಡೀ ತೊಗರಿಯ ಮಧ್ಯೆ ಕೂತು ಬೇಳೆ ಬಿಟ್ಟು ಪುಡಿ ಕುಡಿದೆಯಲ್ಲ, ನಗು ಬರುತ್ತದೆ. ನೂರು ಗ್ರಾಂ ತೊಗರಿಬೇಳೆಯಲ್ಲಿ ಇಪ್ಪತ್ತು ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಇದೆ. ತಾಟಿನಲ್ಲಿ ಮೊದಲು ಪುಂಡಿಪಲ್ಯ, ಗಟ್ಟಿ ಬೇಳೆ ಅಥವಾ ಕಾಳು ಪಲ್ಯ ಬೀಳಲಿ, ಜೊತೆಗೆ ಮೊಸರು, ಹಸಿ ಉಳ್ಳಾಗಡ್ಡಿ. ಜೋಳದ ರೊಟ್ಟಿ ನಾಲ್ಕರ ಬದಲು ಎರಡು. ಇನ್ನೂ ಹಸಿವಿದ್ದರೆ ಪಲ್ಯ ಹಾಕಿಸಿಕೋ, ಆಮೇಲೂ ಇದ್ದರೆ ಮೂರನೇ ರೊಟ್ಟಿ ತಿನ್ನು. ಹಸಿದು ಮಲಗಬೇಡ.

ಕೈ ಹಿಡಿಯಬೇಕಾದದ್ದು ಬೇರೆ ಕಡೆ. ಶೇಂಗಾದ ಅರ್ಧದಷ್ಟು ಎಣ್ಣೆಯೇ, ಶೇಂಗಾ ಹಿಂಡಿ ಒಂದು ಚಮಚ ಸಾಕು, ಅದರ ಮೇಲೆ ಮತ್ತೆ ಎಣ್ಣೆ ಸುರಿದುಕೊಳ್ಳುವುದು ಬೇಡ. ಆಫೀಸಿನ ಐದು ಕಪ್ ಚಹಾ ಎರಡಕ್ಕೆ ಇಳಿಯಲಿ. ಮಿರ್ಚಿ ಭಜಿ ಬಿಡು ಅಂದರೆ ನೀನು ಕೇಳುವುದಿಲ್ಲ, ಗೊತ್ತು. ಶನಿವಾರ ಎರಡು ತಿನ್ನು, ಕೂತು, ಖುಷಿಯಿಂದ.

ನಡಿಗೆ ವಾರಕ್ಕೆ ಐದು ದಿನ, ಅಪ್ಪನ ಕೆರೆ ದಂಡೆ, ಅರ್ಧ ತಾಸು. ಮಾತಾಡಲು ಬರಬೇಕು, ಹಾಡಲು ಬರಬಾರದು, ಆ ವೇಗ ಸಾಕು. ಈಗ ಬೆಳಗ್ಗೆ ತಂಪಿದೆ. ಏಪ್ರಿಲ್‌ನಲ್ಲಿ ನಮ್ಮ ಬಿಸಿಲು ನಲವತ್ತು ದಾಟುತ್ತದೆ, ಆಗ ಸೂರ್ಯ ಹುಟ್ಟುವ ಮೊದಲೇ ಹೋಗು. ಸ್ನಾಯು ಉಳಿಯಬೇಕಾದರೆ ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು. ಹಮಾಲರು ದಿನಕ್ಕೆ ಎಷ್ಟೋ ಚೀಲ ಹೊರುತ್ತಾರೆ. ನೀನು ಎಣಿಸುತ್ತೀ.

ಗುರಿ ದೊಡ್ಡದು ಬೇಡ. ಯುಗಾದಿಗೆ ಐದು ಕೆಜಿ. ದೇಹದ ತೂಕದ ನೂರಕ್ಕೆ ಐದರಷ್ಟು ಇಳಿದರೂ ಬಿಪಿಗೆ ಒಳ್ಳೆಯದು. ಬಿಪಿ ಗುಳಿಗೆಯನ್ನು ಮಾತ್ರ ನೀನೇ ನಿಲ್ಲಿಸಬೇಡ, ಇಳಿಯುತ್ತಾ ಹೋದಂತೆ ಡಾಕ್ಟರಿಗೆ ತೋರಿಸು. ತೂಕ ಭಾನುವಾರ ಒಮ್ಮೆ, ಸೊಂಟದ ಅಳತೆ ತಿಂಗಳಿಗೊಮ್ಮೆ. ಉಪ್ಪು ಜಾಸ್ತಿ ತಿಂದ ಮರುದಿನ ಒಂದು ಕೆಜಿ ಏರಿದರೆ ಗಾಬರಿಯಾಗಬೇಡ, ಅದು ನೀರು.

ಇನ್ನು ಎಳ್ಳ ಅಮಾವಾಸ್ಯೆ. ಹೊಲಕ್ಕೆ ಹೋಗುತ್ತೀ, ಚರಗ ಚೆಲ್ಲುತ್ತೀ, ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಎಲ್ಲಾ ಉಣ್ಣುತ್ತೀ. ಉಣ್ಣು. ಹೋದ ಸಲ ಅದೇ ದಿನ "ಕೆಟ್ಟೇ ಹೋಯ್ತು" ಅಂತ ಡಯಟ್ ಕೈಬಿಟ್ಟೆ, ವಾರಗಟ್ಟಲೆ ಹಿಂತಿರುಗಲಿಲ್ಲ. ಈ ಸಲ ಮರುದಿನ ಬೆಳಗ್ಗೆ ಎಂದಿನ ಊಟ. ಉಪವಾಸ ಹಿಡಿದು ಸರಿದೂಗಿಸಲೂ ಹೋಗಬೇಡ.

ನಾಳೆ ಐದೂಮುಕ್ಕಾಲಿಗೆ ಅಲಾರಂ ಇಟ್ಟಿದ್ದೇನೆ. ಅದಕ್ಕಿಂತ ಮೊದಲು ಮನೆಯವಳಿಗೆ ಹೇಳು. ಎಣ್ಣೆ ಡಬ್ಬಿ ಅವಳ ಕೈಯಲ್ಲಿದೆ. ತಿಂಗಳ ಎಣ್ಣೆ ಅಳೆದು ತರೋಣ ಅಂದರೆ ಮೊದಲು ನಗುತ್ತಾಳೆ, ಆಮೇಲೆ ಅವಳೂ ಕೆರೆಗೆ ಬರುತ್ತೇನೆ ಅನ್ನಬಹುದು. ಕೇಳಿ ನೋಡು.

ಇಂತಿ,
ನೀನೇ