ರೊಟ್ಟಿ ಹೋದ ದಾರಿ: ಜೀರ್ಣಾಂಗವ್ಯೂಹದ ಚಿತ್ರ ಅಭ್ಯಾಸ

10ನೇ ತರಗತಿ, ವಿಜ್ಞಾನ. ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ
ಸಮಯ: 40 ನಿಮಿಷ. ಅಂಕ: 12

ಕರಿಹಲಗೆಯ ಮೇಲಿನ ಚಿತ್ರವನ್ನು ಪೆನ್ಸಿಲಿನಲ್ಲಿ, ಅರ್ಧ ಪುಟಕ್ಕೆ ಕಡಿಮೆಯಾಗದಂತೆ ಬಿಡಿಸಿಕೊಳ್ಳಿ. ಚಿತ್ರದ ಮನುಷ್ಯ ನಿಮ್ಮ ಎದುರಿಗೆ ನಿಂತಿದ್ದಾನೆ. ಅವನ ಬಲಗಡೆಯ ಅಂಗ ನಿಮ್ಮ ಪುಟದಲ್ಲಿ ಎಡಕ್ಕೆ ಬರುತ್ತದೆ. ಇದನ್ನು ಮರೆತವರೇ ಯಕೃತ್ತಿನ ಜಾಗದಲ್ಲಿ ಜಠರ ಎಂದು ಬರೆಯುವವರು.

ಅ. ಸುಳಿವು ಓದಿ, ಸಂಖ್ಯೆಯ ಎದುರು ಅಂಗದ ಹೆಸರು ಬರೆಯಿರಿ (5 ಅಂಕ)

1. ರೊಟ್ಟಿ ತುತ್ತಾಗುವ ಜಾಗ.
2. ಮೂರು ಜೋಡಿ ಗ್ರಂಥಿಗಳು. ಹುಣಸೆಹಣ್ಣನ್ನು ಕಂಡರೂ ಸಾಕು, ಕೆಲಸ ಶುರು.
3. ಶ್ವಾಸನಾಳದ ಹಿಂದಿರುವ, ಸುಮಾರು 25 ಸೆಂ.ಮೀ. ಉದ್ದದ ಕೊಳವೆ.
4. ಆಹಾರವನ್ನು ಆಮ್ಲದೊಂದಿಗೆ ಕಡೆಯುವ ಸ್ನಾಯುಚೀಲ.
5. ದೇಹದ ಅತಿ ದೊಡ್ಡ ಗ್ರಂಥಿ.
6. ಐದರ ಕೆಳಗೆ ಅಂಟಿಕೊಂಡ ಪುಟ್ಟ ಚೀಲ.
7. ನಾಲ್ಕರ ಹಿಂದೆ ಅಡ್ಡಲಾಗಿರುವ ಗ್ರಂಥಿ.
8. ಸುಮಾರು 6 ಮೀಟರ್ ಉದ್ದ, ಸುರುಳಿ ಸುರುಳಿ.
9. ಉದ್ದ ಸುಮಾರು 1.5 ಮೀಟರ್ ಮಾತ್ರ, ಅಗಲ ಹೆಚ್ಚು.
10. ಮಲ ಹೊರಹೋಗುವ ಮುನ್ನ ನಿಲ್ಲುವ ಕೊನೆಯ ಭಾಗ.

ಆ. ದಾರಿ ಎಳೆಯಿರಿ (3 ಅಂಕ)

ಬೆಳಗ್ಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದಿರಿ ಎಂದುಕೊಳ್ಳಿ. ಅದು ಸಾಗುವ ದಾರಿಯನ್ನು ಕೆಂಪು ಬಾಣಗಳಿಂದಲೂ, ಗ್ರಂಥಿಗಳಿಂದ ರಸ ಬಂದು ಸೇರುವ ದಾರಿಯನ್ನು ನೀಲಿ ಬಾಣಗಳಿಂದಲೂ ತೋರಿಸಿ. ಕೆಂಪು ಬಾಣ ಹತ್ತೂ ಅಂಗಗಳ ಒಳಗೆ ಹೋಗುವುದಿಲ್ಲ. ನಾಲ್ಕನ್ನು ಅದು ಮುಟ್ಟಲೇಬಾರದು. ಅವು ಯಾವುವೆಂದು ಯೋಚಿಸಿಯೇ ಬಣ್ಣದ ಪೆನ್ಸಿಲ್ ಹಿಡಿಯಿರಿ. ಅಂಕ ಹೋಗುವುದು ಇಲ್ಲಿಯೇ.

ಇ. ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿ (4 ಅಂಕ)

1. ರೊಟ್ಟಿಯನ್ನು ಚೆನ್ನಾಗಿ ಅಗಿದರೆ ಸಿಹಿಯೆನಿಸುತ್ತದೆ. ಏಕೆ?
2. ಪಿತ್ತರಸದಲ್ಲಿ ಕಿಣ್ವವೇ ಇಲ್ಲ. ಆದರೂ ಶೇಂಗಾದ ಎಣ್ಣೆ ಜೀರ್ಣವಾಗಲು ಅದು ಹೇಗೆ ನೆರವಾಗುತ್ತದೆ?
3. ಎಂಟರ ಒಳಗೋಡೆ ನುಣುಪಾಗಿದ್ದರೆ ಏನು ನಷ್ಟ?
4. ಜೋಳದ ನಾರು ಎಲ್ಲಿಯವರೆಗೆ ಸಾಗುತ್ತದೆ?

ಬರೆದು ಮುಗಿಸಿದ ಮೇಲೆ ಸರಿನೋಡಿಕೊಳ್ಳಲು

ಅ: ಬಾಯಿ, ಲಾಲಾರಸ ಗ್ರಂಥಿಗಳು, ಅನ್ನನಾಳ, ಜಠರ, ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿ, ಸಣ್ಣ ಕರುಳು, ದೊಡ್ಡ ಕರುಳು, ಗುದನಾಳ.

ಆ: ಕೆಂಪು ಬಾಣ 1, 3, 4, 8, 9, 10ರ ಮೂಲಕ ಗುದದ್ವಾರಕ್ಕೆ. ನೀಲಿ ಬಾಣ 2ರಿಂದ 1ಕ್ಕೆ; 5, 6, 7ರಿಂದ 8ರ ಆರಂಭದ ಭಾಗಕ್ಕೆ. ಪಿತ್ತರಸ ತಯಾರಾಗುವುದು 5ರಲ್ಲಿ, 6 ಅದರ ಉಗ್ರಾಣ ಮಾತ್ರ.

ಇ: (1) ಲಾಲಾರಸದ ಅಮೈಲೇಸ್ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. (2) ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಬಿಡಿಸುತ್ತದೆ. ಆಮೇಲೆ ಮೇದೋಜೀರಕ ರಸದ ಲೈಪೇಸ್‌ಗೆ ಕೆಲಸ ಸುಲಭ. (3) ವಿಲ್ಲೈಗಳಿಲ್ಲದೆ ಹೀರಿಕೊಳ್ಳುವ ಮೇಲ್ಮೈ ಕಡಿಮೆಯಾಗಿ, ಜೀರ್ಣವಾದ ಆಹಾರವೂ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. (4) ನಮ್ಮ ಕಿಣ್ವಗಳು ನಾರನ್ನು ಒಡೆಯಲಾರವು. ಅದು ದೊಡ್ಡ ಕರುಳನ್ನು ತಲುಪುತ್ತದೆ, ಹೆಚ್ಚಿನಂಶ ಮಲದೊಂದಿಗೆ ಹೊರಹೋಗುತ್ತದೆ.